ಎರಡು ನಿಮಿಷದ ಕೆಲಸವೆಂಬ ಸುಳ್ಳು

‘ಎರಡೇ ನಿಮಿಷದ ಕೆಲಸ, ಈಗಲೇ ಮಾಡಿಬಿಡಮ್ಮ.’ ಸಂಶೋಧನೆಗೆ ಸೇರಿ ನಾಲ್ಕು ವರ್ಷವಾಯಿತು, ಈ ಮಾತು ಕೇಳದ ದಿನವಿಲ್ಲ. ಯಾರದೋ ಫೋನ್ ನಂಬರು ಕಳಿಸುವುದು, ವಿಚಾರ ಸಂಕಿರಣದ ಆಹ್ವಾನ ಪತ್ರಿಕೆಯಲ್ಲಿ ಒಂದು ಕಾಗುಣಿತ ತಿದ್ದುವುದು, ಕಚೇರಿಗೆ ಹೋಗಿ ಒಂದು ಸೀಲು ಹಾಕಿಸಿಕೊಂಡು ಬರುವುದು. ಇವು ಸಣ್ಣ ಕೆಲಸಗಳು ಎಂಬುದನ್ನು ನಾನೂ ಒಪ್ಪುತ್ತೇನೆ. ಎರಡು ನಿಮಿಷದವು ಎಂಬುದನ್ನು ಮಾತ್ರ ಒಪ್ಪುವುದಿಲ್ಲ.

ನಾನು ಬೀಸುವ ಪದಗಳ ಧ್ವನಿಮುದ್ರಣ ಕೇಳಿ ಬರಹಕ್ಕಿಳಿಸುತ್ತೇನೆ. ಹಾಡಿದವರು ಎಂಬತ್ತರ ಆಸುಪಾಸಿನ ಅಜ್ಜಿಯರು. ಕಲ್ಲಿನ ಸದ್ದಿನ ನಡುವೆ ಅವರು ಹೇಳಿದ್ದು ‘ತವರೋ’ ‘ತಾವರೆಯೋ’ ಎಂದು ತಿಳಿಯಲು ಒಂದೇ ಸಾಲನ್ನು ಆರೇಳು ಬಾರಿ ಕೇಳಬೇಕು. ಹಿಂದಿನ ನಾಲ್ಕು ಸಾಲುಗಳ ಲಯ ಕಿವಿಯಲ್ಲಿದ್ದರೆ ಮಾತ್ರ ಐದನೆಯದು ತಿಳಿಯುತ್ತದೆ. ಒಂದು ದಿನ 10:40ಕ್ಕೆ ಯಾರೋ ಒಂದು ನಂಬರು ಕೇಳಿದರು. ಕಳಿಸಲು ಒಂದು ನಿಮಿಷವೂ ಹಿಡಿಯಲಿಲ್ಲ. ಮುಂದಿನ ಸಾಲನ್ನು ಬರೆದಾಗ ಗಡಿಯಾರ ನೋಡಿದೆ: 10:58. ಅಂದಿನಿಂದ ಪ್ರತಿ ಅಡ್ಡಿಗೂ ಅಂಚಿನಲ್ಲಿ ಎರಡು ಸಮಯ ಬರೆಯತೊಡಗಿದೆ. ಒಂದು ಪೆನ್ನು ಕೆಳಗಿಟ್ಟದ್ದು, ಇನ್ನೊಂದು ಮುಂದಿನ ಸಾಲು ನಿಜವಾಗಿ ಮೂಡಿದ್ದು. ‘ಎರಡು ನಿಮಿಷ’ ಅನ್ನುವವರು ಈ ಎರಡನೆಯ ಸಮಯವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದು ಅವರ ಖಾತೆಯಿಂದ ಹೋಗುವುದಲ್ಲವಲ್ಲ.

ಇದು ನನ್ನೊಬ್ಬಳ ಮನಸ್ಸಿನ ಚಂಚಲತೆ ಎಂದುಕೊಳ್ಳುವವರು ಒಂದು ಹಾಳೆ ತೆಗೆದುಕೊಳ್ಳಿ. ಎರಡಂಕಿಯ ಇಪ್ಪತ್ತು ಸಂಖ್ಯೆಗಳನ್ನು ಬರೆದು, ಎಲ್ಲಕ್ಕೂ ಮೂರು ಕೂಡಿಸಿ, ಎಷ್ಟು ಹೊತ್ತಾಯಿತೆಂದು ನೋಡಿ. ಇನ್ನೊಂದು ಪಟ್ಟಿ ಬರೆದು ಎಲ್ಲದರಿಂದಲೂ ಮೂರು ಕಳೆಯಿರಿ. ಮೂರನೆಯ ಪಟ್ಟಿಯಲ್ಲಿ ಒಂದಕ್ಕೆ ಕೂಡಿಸಿ, ಮುಂದಿನದಕ್ಕೆ ಕಳೆಯಿರಿ, ಹೀಗೆ ಕೊನೆಯವರೆಗೆ. ಲೆಕ್ಕಗಳು ಅಷ್ಟೇ ಸುಲಭ, ಸಂಖ್ಯೆಗಳೂ ಅಷ್ಟೇ. ಆದರೂ ಮೂರನೆಯ ಪಟ್ಟಿ ತೆವಳುತ್ತದೆ. ಆರ್ಥರ್ ಜೆರ್ಸಿಲ್ಡ್ ಎಂಬ ಮನಶ್ಶಾಸ್ತ್ರಜ್ಞ 1927ರಲ್ಲಿ ಇಂಥದೇ ಪಟ್ಟಿಗಳನ್ನು ಕೊಟ್ಟು ಈ ನಷ್ಟವನ್ನು ಅಳೆದಿದ್ದ. 1995ರಲ್ಲಿ ರೋಜರ್ಸ್ ಮತ್ತು ಮೊನ್ಸೆಲ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಕೆಲಸ ಯಾವಾಗ ಬದಲಾಗುತ್ತದೆಂದು ಮೊದಲೇ ಗೊತ್ತಿದ್ದು, ಸಿದ್ಧವಾಗಲು ಸಮಯ ಕೊಟ್ಟರೂ ನಷ್ಟ ಪೂರ್ತಿ ಹೋಗುವುದಿಲ್ಲ ಎಂದು ತೋರಿಸಿದರು. ಜೊತೆಗೆ, ಒಂದೇ ಬಗೆಯ ಕೆಲಸ ಸಾಲಾಗಿ ಬಂದಾಗ ಆ ನಷ್ಟವೆಲ್ಲ ಮೊದಲನೆಯದರ ತಲೆಗೇ ಬೀಳುತ್ತದೆ, ಉಳಿದವು ಸಲೀಸಾಗಿ ಸಾಗುತ್ತವೆ ಎಂಬುದೂ ಕಂಡುಬಂತು. ಸಣ್ಣ ಕೆಲಸಗಳನ್ನು ಕಂತೆ ಕಟ್ಟಿ ಮಾಡಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಮರ್ಥನೆ ಬೇಡ. ಸುಂಕ ತಪ್ಪುವುದಿಲ್ಲ, ಹತ್ತು ಬಾರಿ ಕಟ್ಟುವ ಬದಲು ಒಮ್ಮೆ ಕಟ್ಟುತ್ತೇವೆ, ಅಷ್ಟೆ.

‘ಎರಡು ನಿಮಿಷದ ಸೂತ್ರ’ವನ್ನು ಜಗತ್ತಿಗೆ ಹಬ್ಬಿಸಿದ ಡೇವಿಡ್ ಆಲನ್ ಕೂಡ 2001ರ ತನ್ನ ಪುಸ್ತಕದಲ್ಲಿ ಅದನ್ನು ಹೇಳಿದ್ದು, ಬಂದು ಬಿದ್ದ ಕಾಗದಗಳನ್ನೆಲ್ಲ ಮುಂದಿಟ್ಟುಕೊಂಡು ಒಂದೊಂದಾಗಿ ವಿಲೇವಾರಿ ಮಾಡಲು ಕುಳಿತ ಹೊತ್ತಿಗೆ. ಅಂದರೆ ಕಂತೆಯ ಒಳಗಿನ ನಿಯಮ ಅದು. ನಮ್ಮವರು ಕಂತೆಯನ್ನು ಬಿಸಾಡಿ ನಿಯಮವನ್ನಷ್ಟೇ ಇಟ್ಟುಕೊಂಡರು.

ಆದರೆ ಕಂತೆ ಕಟ್ಟಿ ಎನ್ನುವ ಸಮಯಪಾಲನೆಯ ಉಪದೇಶಕರ ಜೊತೆಗೂ ನನಗೆ ಜಗಳವಿದೆ. ಅವರು ಹೇಳುವುದು ಹೀಗೆ: ಕರೆಗಳೆಲ್ಲ ಒಂದು ಗಂಟೆಯಲ್ಲಿ, ಈಮೇಲ್‌ಗಳೆಲ್ಲ ಇನ್ನೊಂದರಲ್ಲಿ, ಓಡಾಟವೆಲ್ಲ ಸಂಜೆ. ನಾನೂ ಹಾಗೇ ಮಾಡಿ ನೋಡಿದೆ. ಮಂಗಳವಾರ ಮೂರಕ್ಕೆ ಫೋನ್ ಹಿಡಿದು ಕುಳಿತೆ. ಮೊದಲು ಫೆಲೋಶಿಪ್ ವಿಭಾಗದ ಗುಮಾಸ್ತರು, ಆಮೇಲೆ ಪದ ಹಾಡುವ ಅಜ್ಜಿಯ ಮೊಮ್ಮಗ, ಆಮೇಲೆ ಮನೆ ಓನರು, ಆಮೇಲೆ ಅಮ್ಮ. ನಾಲ್ಕೂ ಫೋನ್ ಕರೆಗಳೇ. ಆದರೆ ಗುಮಾಸ್ತರೊಂದಿಗೆ ಅರ್ಜಿಯ ದಿನಾಂಕ ಹಿಡಿದು ಪಟ್ಟು ಬಿಡದೆ ಮಾತಾಡಬೇಕು. ಅಜ್ಜಿಯ ಮನೆಯವರೊಂದಿಗೆ ಅವಸರವೇ ಕಾಣದಂತೆ ಮಾತಾಡಬೇಕು. ಗಂಟೆ ಮುಗಿಯುವ ಹೊತ್ತಿಗೆ ಅಜ್ಜಿಯ ಮೊಮ್ಮಗನಿಗೆ ಗುಮಾಸ್ತರ ದನಿಯಲ್ಲಿ ‘ಯಾವ ತಾರೀಕು ಖಚಿತವಾಗಿ ಹೇಳಿ’ ಎಂದು ಕೇಳಿಬಿಟ್ಟಿದ್ದೆ. ಆ ಮನೆಗೆ ಮತ್ತೆ ಹೋಗಲು ಒಂದು ತಿಂಗಳು ಬೇಕಾಯಿತು.

ತಪ್ಪೆಲ್ಲಿ ಎಂಬುದಕ್ಕೂ ಜೆರ್ಸಿಲ್ಡ್‌ನ ಪ್ರಯೋಗದಲ್ಲೇ ಸುಳಿವಿದೆ. ಪಟ್ಟಿಯಲ್ಲಿ ಸಂಖ್ಯೆ ಬಂದಾಗ ಮೂರು ಕಳೆಯುವುದು, ಪದ ಬಂದಾಗ ಅದರ ವಿರುದ್ಧಪದ ಹೇಳುವುದು ಎಂದು ಮಾಡಿದಾಗ, ಕೆಲಸ ಪ್ರತಿ ಸಲ ಬದಲಾದರೂ ಆ ದೊಡ್ಡ ನಷ್ಟ ಕಾಣಲಿಲ್ಲ. ಮುಂದಿರುವ ವಸ್ತುವೇ ಏನು ಮಾಡಬೇಕೆಂದು ಹೇಳುತ್ತಿತ್ತು. ನೋಡಲು ಒಂದೇ ಥರ ಇದ್ದು, ಮಾಡಬೇಕಾದ್ದು ಬೇರೆಯಾದಾಗಲೇ ಮನಸ್ಸು ತಡವರಿಸುವುದು. ನನ್ನ ಓದಿನಂತೆ, ಫೋನ್ ಅಂಥದೇ ವಸ್ತು. ಅದೇ ಪರದೆ, ಅದೇ ‘ಹಲೋ’, ಆದರೆ ಪ್ರತಿ ಸಲವೂ ನಿಯಮ ಬೇರೆ. ಹಾಗಾಗಿ ಕಂತೆಯನ್ನು ಕಟ್ಟಬೇಕಾದ್ದು ಕೈಯಲ್ಲಿರುವ ಸಾಧನ ನೋಡಿ ಅಲ್ಲ, ತಲೆಯಲ್ಲಿ ಹಿಡಿದಿರಬೇಕಾದ ವಿಷಯ ನೋಡಿ.

ಈಗ ನಾನು ಮಾಡುವುದು ಹೀಗೆ. ದಿನವಿಡೀ ಬರುವ ಸಣ್ಣ ಕೆಲಸಗಳನ್ನು ಆಗಿಂದಾಗಲೇ ಒಂದು ಹಾಳೆಯಲ್ಲಿ ಬರೆದಿಡುತ್ತೇನೆ, ಮಾಡುವುದಿಲ್ಲ. ಸಂಜೆ ಅವುಗಳ ಮುಂದೆ ಮೂರರಲ್ಲಿ ಒಂದು ಗುರುತು ಹಾಕುತ್ತೇನೆ: ಕಚೇರಿ, ಕ್ಷೇತ್ರಕಾರ್ಯ, ಮನೆ. ಫೆಲೋಶಿಪ್‌ಗೆ ಸಂಬಂಧಿಸಿದ ಕರೆ, ಈಮೇಲ್, ಓಡಾಟ ಮೂರೂ ಒಂದೇ ಕಂತೆಗೆ ಹೋಗುತ್ತವೆ. ಗುರುವಾರ ಬೆಳಿಗ್ಗೆ ಹತ್ತಕ್ಕೆ ಮೊದಲು ಗುಮಾಸ್ತರಿಗೆ ಕರೆ ಮಾಡಿ, ಏನೇನು ಕಾಗದ ಬೇಕು, ಸಹಿ ಮಾಡುವವರು ಊರಲ್ಲಿದ್ದಾರೆಯೇ ಎಂದು ಕೇಳುತ್ತೇನೆ. ಆಮೇಲೆ ಪ್ರಿಂಟು, ಜೆರಾಕ್ಸ್. ಆಮೇಲೆ ಮಾರ್ಗದರ್ಶಕರ ಸಹಿ, ವಿಭಾಗದ ಮುಖ್ಯಸ್ಥರ ಸಹಿ, ಸೀಲು. ಒಂದು ಪ್ರತಿಗೆ ಸ್ವೀಕೃತಿ ಹಾಕಿಸಿಕೊಂಡು, ಅಲ್ಲೇ ನಿಂತು ಅದರ ಫೋಟೊ ತೆಗೆದು ಈಮೇಲ್ ಮಾಡಿದರೆ ಕಂತೆ ಮುಗಿಯಿತು. ಅಷ್ಟೂ ಹೊತ್ತು ತಲೆಯಲ್ಲಿ ಇರುವುದು ಒಂದೇ ಕಡತ.

ಇದೂ ಕೆಡುತ್ತದೆ. ಕಂತೆಯಲ್ಲಿ ಒಂದು ಕೊಂಡಿ ಕಳಚಿದರೆ ಹಿಂದಿನದೆಲ್ಲ ನಿಂತುಹೋಗುತ್ತದೆ. ಎರಡನೆಯ ವಾರ ನಾನು ಬೆಳಗಿನ ಕರೆ ಮಾಡದೆ ಹೋಗಿದ್ದೆ.

‘ಪಾಸ್‌ಬುಕ್ ಜೆರಾಕ್ಸ್ ಎಲ್ಲಿದೆಯಮ್ಮ?’

‘ಹೋದ ಸಲ ಕೇಳಿರಲಿಲ್ಲ ಸರ್.’

‘ಈ ಸಲ ಬೇಕು. ನಾಳೆ ತಗೊಂಡ್ ಬಾಮ್ಮ.’

ಒಂದೇ ಕಾಗದಕ್ಕಾಗಿ ಒಂದೇ ಕಟ್ಟಡದ ಮೆಟ್ಟಿಲನ್ನು ಎರಡನೆಯ ಸಲ ಹತ್ತಿದರೆ ಕಂತೆ ಕಟ್ಟಿದ್ದು ತಪ್ಪಾಗಿದೆ ಎಂದು ಅರ್ಥ. ಕಂತೆ ದೊಡ್ಡದಾದಷ್ಟೂ ಈ ಅಪಾಯ ಹೆಚ್ಚು. ಅದಕ್ಕೇ ಒಂದು ಬೆಳಿಗ್ಗೆಯಲ್ಲಿ ಮುಗಿಯದಷ್ಟನ್ನು ನಾನು ಕಟ್ಟುವುದಿಲ್ಲ.

ಸಂದೇಶಗಳಿಗೂ ಇಂಥ ಮಿತಿಯಿದೆ. ಭಾರತದಲ್ಲೇ 237 ಮಂದಿಯ ಮೊಬೈಲ್‌ಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಸಂದೇಶದ ಸೂಚನೆಗಳನ್ನು ಕೂಡಿಟ್ಟು ದಿನಕ್ಕೆ ಮೂರು ಹೊತ್ತು ತಲುಪಿಸಿದಾಗ ಜನರ ಗಮನವೂ ಮನಸ್ಥಿತಿಯೂ ಸುಧಾರಿಸಿದವು. ಸೂಚನೆಗಳನ್ನು ಪೂರ್ತಿ ನಿಲ್ಲಿಸಿದವರಲ್ಲಿ ಮಾತ್ರ ಆತಂಕ ಹೆಚ್ಚಿತು. ಬಾಗಿಲು ಮುಚ್ಚುವುದು ಬೇರೆ, ಯಾವಾಗ ತೆರೆಯುತ್ತದೆಂದು ಗೊತ್ತಿರುವುದು ಬೇರೆ.

ನನ್ನ ನಿಜವಾದ ತಕರಾರು ಇರುವುದು ಈ ಬಾಗಿಲಿನ ಬಗ್ಗೆಯೇ. ವಿಶ್ವವಿದ್ಯಾಲಯಗಳಲ್ಲಿ ಕಂತೆ ಕಟ್ಟುವುದು ಹೊಸದೇನಲ್ಲ, ಮೇಲಿನವರು ಎಂದಿನಿಂದಲೂ ಕಟ್ಟುತ್ತಿದ್ದಾರೆ. ಸಹಿಗೆ ಬಂದ ಕಾಗದಗಳೆಲ್ಲ ಮೇಜಿನ ಮೇಲೆ ಸೇರುತ್ತವೆ, ಮನಸ್ಸು ಬಂದ ದಿನ ಒಟ್ಟಿಗೆ ಸಹಿಯಾಗುತ್ತವೆ. ಸಹಿ ಹಾಕುವವರಿಗೆ ಅದು ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷ ಯಾವ ದಿನದ ಯಾವ ಗಂಟೆಯಲ್ಲಿ ಬರುತ್ತದೋ ಗೊತ್ತಿಲ್ಲದ ಹನ್ನೆರಡು ಸಂಶೋಧಕರು ಕಾರಿಡಾರಿನಲ್ಲಿ ದಿನಕ್ಕೆ ನಾಲ್ಕು ಸಲ ಇಣುಕುತ್ತಾರೆ. ಅವರ ನಷ್ಟ ಇಳಿಯಿತು, ನಮ್ಮದು ಹನ್ನೆರಡು ಪಾಲಾಗಿ ಬೆಳೆಯಿತು. ಅದೇ ಮೇಜಿನಿಂದ ವಿಭಾಗದ ವಾಟ್ಸಾಪ್ ಗುಂಪಿಗೆ ಬರುವ ಸಂದೇಶಕ್ಕೆ ಹತ್ತು ನಿಮಿಷದಲ್ಲಿ ಉತ್ತರ ಬಾರದಿದ್ದರೆ ‘ಈಗಿನ ಹುಡುಗರಿಗೆ ಜವಾಬ್ದಾರಿ ಇಲ್ಲ’. ಕಂತೆ ಕಟ್ಟುವ ಹಕ್ಕು ಮೇಲಿನವರಿಗೆ, ಎರಡು ನಿಮಿಷದ ಕೆಲಸ ಕೆಳಗಿನವರಿಗೆ. ಇದಕ್ಕೆ ಶಿಸ್ತು ಎಂಬ ಹೆಸರು ಬೇಡ.

ಸಹಿಗಳನ್ನು ಒಟ್ಟಿಗೆ ಮಾಡಬೇಡಿ ಎಂದು ನಾನು ಹೇಳುತ್ತಿಲ್ಲ. ಅವರ ಗಮನಕ್ಕೂ ಬೆಲೆಯಿದೆ. ಬಾಗಿಲ ಮೇಲೆ ‘ಸಹಿ: ಮಂಗಳವಾರ ಮತ್ತು ಶುಕ್ರವಾರ, 11ರಿಂದ 12’ ಎಂಬ ಒಂದು ಚೀಟಿ ಅಂಟಿಸಿದರೆ ಸಾಕು; ಹನ್ನೆರಡು ಜನರೂ ತಮ್ಮ ಕಂತೆಯನ್ನು ಆ ಗಂಟೆಗೆ ಹೊಂದಿಸಿಕೊಳ್ಳುತ್ತಾರೆ. ಹೇಳಿ ಕಟ್ಟಿದ ಕಂತೆ ಇಬ್ಬರಿಗೂ ಉಳಿತಾಯ, ಹೇಳದೆ ಕಟ್ಟಿದ್ದು ಇನ್ನೊಬ್ಬರ ಜೇಬಿಗೆ ಹಾಕಿದ ಕೈ. ಈ ನಿಯಮ ನನಗೂ ಅನ್ವಯಿಸುತ್ತದೆ. ಹೋದ ತಿಂಗಳು ನಾನು ಗುಂಪಿನಲ್ಲಿ ಬರೆದೆ: ‘ಸಂದೇಶಗಳನ್ನು 9, 1:30 ಮತ್ತು 6ಕ್ಕೆ ನೋಡುತ್ತೇನೆ. ಅದಕ್ಕೆ ಮೊದಲೇ ಬೇಕಾದರೆ ದಯವಿಟ್ಟು ಕರೆ ಮಾಡಿ.’ ಇಬ್ಬರು ಹಿರಿಯರು ಮುನಿಸಿಕೊಂಡರು, ನಾಲ್ವರು ಗೆಳತಿಯರು ಅದನ್ನೇ ನಕಲು ಮಾಡಿ ಹಾಕಿದರು. ಈ ಒಂದು ತಿಂಗಳಲ್ಲಿ ತುರ್ತೆಂದು ಬಂದ ಕರೆಗಳು ಮೂರು. ಚೀಟಿ ಮಾತ್ರ ಇನ್ನೂ ಯಾವ ಬಾಗಿಲ ಮೇಲೂ ಕಾಣಿಸಿಲ್ಲ.