ಮಾರಿದ ಮೇಲೆ ಹಣ: ಅಲ್ಲಿಯವರೆಗೆ ಸೀರೆ ಯಾರದು?

ಇಳಕಲ್ ಸೀಮೆಯ ನೇಕಾರರ ಸಂಘಗಳಿಗೆ ದೊಡ್ಡ ಊರಿನ ಅಂಗಡಿಗಳು ಸಾಮಾನ್ಯವಾಗಿ ಹೇಳುವ ಮಾತು ಒಂದೇ: ‘ಮಾಲು ಇಟ್ಟು ಹೋಗಿ, ಮಾರಿದ ಮೇಲೆ ಹಣ ಕೊಡುತ್ತೇವೆ.’ ಈ ಪದ್ಧತಿಯಲ್ಲಿ ತಪ್ಪಿಲ್ಲ. ಹೊಸ ವಿನ್ಯಾಸವನ್ನು ಪೂರ್ತಿ ದುಡ್ಡು ಕೊಟ್ಟು ಕೊಳ್ಳಲು ಅಂಗಡಿಯವರು ಹಿಂಜರಿಯುತ್ತಾರೆ. ಗಿರಾಕಿಯ ಕಣ್ಣಿಗೆ ಬೀಳದೆ ಸೀರೆ ಮಾರಾಟವಾಗುವುದಿಲ್ಲ. ತಪ್ಪಿರುವುದು ಆ ಮಾತು ಬಾಯಲ್ಲೇ ಉಳಿಯುವುದರಲ್ಲಿ. ಬರಹದಲ್ಲಿ ಇಲ್ಲದ ಇಂಥ ವ್ಯವಹಾರ ಕೆಲವೇ ತಿಂಗಳಲ್ಲಿ ಬಡ್ಡಿಯಿಲ್ಲದ ಉದ್ರಿಯಾಗುತ್ತದೆ. ನೇಕಾರರಿಗೆ ಮಜೂರಿಯನ್ನು ಸಂಘ ಆಗಲೇ ಕೊಟ್ಟಿರುವುದರಿಂದ ಆ ಸಾಲ ನಿಲ್ಲುವುದು ಸಂಘದ ತಲೆಯ ಮೇಲೆ. ಆದ್ದರಿಂದ ಅಂಗಡಿಯವರು ಷರತ್ತು ಹೇಳುವವರೆಗೆ ಕಾಯದೆ, ಸಂಘವೇ ಒಂದು ಪುಟದ ಪ್ರಸ್ತಾವ ಹಿಡಿದು ಹೋಗಬೇಕು ಎಂಬುದು ನನ್ನ ವಾದ.

ಒಂದು ಲೆಕ್ಕವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಜಿಎಸ್‌ಟಿ ನೋಂದಣಿ ಇರುವ ಸಂಘವೊಂದು ಹುಬ್ಬಳ್ಳಿಯ ಅಂಗಡಿಗೆ 40 ಸೀರೆ ಕಳಿಸುತ್ತದೆ. ತೆರಿಗೆ ಬಿಟ್ಟು ಸಂಘಕ್ಕೆ ಬರಬೇಕಾದ ದರ ಸೀರೆಗೆ 2,400 ರೂಪಾಯಿ, ಅಂಗಡಿ ಮಾರುವ ದರ 3,000. ಒಟ್ಟು 96,000 ರೂಪಾಯಿಯ ಸಂಘದ ಮಾಲು ಬೇರೆಯವರ ಕಪಾಟಿನಲ್ಲಿ ಕೂರುತ್ತದೆ.

ಆ ಮಾಲು ಯಾರದು? ಸಂಘದ್ದೇ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. 1930ರ ಸರಕು ಮಾರಾಟ ಕಾಯ್ದೆಯ 24ನೇ ಕಲಮು ಅಷ್ಟು ಸರಳವಾಗಿಲ್ಲ. ‘ಮಾರಿ ಇಲ್ಲವೇ ಮರಳಿಸಿ’ ಎಂದು ಕೊಟ್ಟ ಸರಕನ್ನು ಪಡೆದವನು ಒಪ್ಪಿಗೆ ಸೂಚಿಸಿದರೆ, ತನ್ನದೆಂಬಂತೆ ನಡೆದುಕೊಂಡರೆ, ಅಥವಾ ಬೇಡವೆಂದು ತಿಳಿಸದೆ ಗೊತ್ತುಪಡಿಸಿದ ಅವಧಿ ದಾಟಿಯೂ ಇಟ್ಟುಕೊಂಡರೆ ಅದು ಅವನದಾಗುತ್ತದೆ. ಅವಧಿ ಗೊತ್ತುಪಡಿಸದಿದ್ದರೆ ‘ಸಮಂಜಸವಾದ ಕಾಲ’ ಎಂಬ ಅಳತೆ ಬರುತ್ತದೆ. ಅದು ಎಷ್ಟು ದಿನ ಎಂಬುದರ ಮೇಲೆಯೇ ವರ್ಷಗಟ್ಟಲೆ ಜಗಳವಾಡಬಹುದು.

ನಮ್ಮ ಈ ಕಾಯ್ದೆಗೆ ಮಾದರಿಯಾದದ್ದು ಇಂಗ್ಲೆಂಡಿನ 1893ರ ಕಾಯ್ದೆ. ಅಲ್ಲಿನ ಎರಡು ತೀರ್ಪುಗಳು ಈ ವಿಷಯವನ್ನು ನಿಚ್ಚಳವಾಗಿ ತೋರಿಸುತ್ತವೆ. 1897ರ ಕರ್ಕ್‌ಹ್ಯಾಮ್ ಪ್ರಕರಣದಲ್ಲಿ ಇದೇ ಷರತ್ತಿನ ಮೇಲೆ ಆಭರಣ ಪಡೆದವನು ಅದನ್ನು ಗಿರವಿ ಇಟ್ಟ. ಗಿರವಿ ಇಟ್ಟದ್ದೇ ತನ್ನದಾಗಿ ಸ್ವೀಕರಿಸಿದ ಕ್ರಿಯೆ ಎಂದಿತು ನ್ಯಾಯಾಲಯ. ಕೊಟ್ಟವನಿಗೆ ಆಭರಣ ವಾಪಸು ಸಿಗಲಿಲ್ಲ. 1906ರ ವೀನರ್ ಪ್ರಕರಣದಲ್ಲೂ ಆಭರಣ ಗಿರವಿ ಅಂಗಡಿ ಸೇರಿತ್ತು. ಆದರೆ ಹಣ ಚುಕ್ತಾ ಆಗುವವರೆಗೆ ಅಥವಾ ಬಿಲ್ಲು ಹಾಕುವವರೆಗೆ ಸರಕು ತನ್ನದೇ ಎಂದು ಕೊಟ್ಟವನು ಚೀಟಿಯಲ್ಲಿ ಬರೆದಿದ್ದ. ಅವನೇ ಗೆದ್ದ. ವ್ಯತ್ಯಾಸ ಆ ಒಂದು ಸಾಲಿನದು. ನಮ್ಮ ಕಾಯ್ದೆಯೂ ಬೇರೆ ಉದ್ದೇಶ ಸ್ಪಷ್ಟವಾಗಿದ್ದರೆ ಅದಕ್ಕೇ ಮನ್ನಣೆ ಕೊಡುತ್ತದೆ.

ಹಾಗಾಗಿ ಪ್ರಸ್ತಾವದಲ್ಲಿ ಈ ಮಾತು ಇರಲಿ: ‘ಅಂಗಡಿ ಗಿರಾಕಿಗೆ ಬಿಲ್ಲು ಹಾಕುವವರೆಗೆ ಅಥವಾ ಸಂಘವು ಅಂಗಡಿಗೆ ಬಿಲ್ಲು ಹಾಕುವವರೆಗೆ ಸೀರೆ ಸಂಘದ ಸ್ವತ್ತು, ಅಂಗಡಿ ಅದನ್ನು ಅಡವಿಡುವಂತಿಲ್ಲ, ಬ್ಯಾಂಕಿಗೆ ಕೊಡುವ ದಾಸ್ತಾನು ಪಟ್ಟಿಯಲ್ಲಿ ಸೇರಿಸುವಂತಿಲ್ಲ.’ ಕೊನೆಯ ತುಂಡು ಮುಖ್ಯ. ಎಷ್ಟೋ ಅಂಗಡಿಗಳು ದಾಸ್ತಾನಿನ ಆಧಾರದ ಮೇಲೆ ಬ್ಯಾಂಕಿನಿಂದ ಸಿ.ಸಿ. ಸಾಲ ಪಡೆದಿರುತ್ತವೆ. ಪಟ್ಟಿಯಲ್ಲಿ ನಿಮ್ಮ 40 ಸೀರೆಯೂ ಸೇರಿಹೋದರೆ, ಸಾಲ ಕಟ್ಟುಬಾಕಿಯಾದ ದಿನ ಬ್ಯಾಂಕು ಅವುಗಳ ಮೇಲೂ ಹಕ್ಕು ಹೇಳಬಹುದು.

ಇನ್ನು ವಾಪಸಾತಿಯ ಗಡುವು. ನಾನು 150 ದಿನ ಎನ್ನುತ್ತೇನೆ, ಅದಕ್ಕೆ ಕಾರಣವಿದೆ. ಒಪ್ಪಿಗೆಯ ಮೇಲೆ ಕಳಿಸಿದ ಸರಕಿಗೆ ಮಾರಾಟವಾದಾಗ ಅಥವಾ ಕಳಿಸಿದ ಆರು ತಿಂಗಳಿಗೆ, ಯಾವುದು ಮೊದಲೋ ಆಗ, ತೆರಿಗೆ ಬಿಲ್ಲು ಹಾಕಲೇಬೇಕು ಎನ್ನುತ್ತದೆ ಜಿಎಸ್‌ಟಿ ಕಾಯ್ದೆಯ 31(7)ನೇ ಕಲಮು. ಮಾಲು ಹೊರಡುವಾಗ ಡೆಲಿವರಿ ಚಲನ್ ಸಾಕು. ಮೌಲ್ಯ 50,000 ರೂಪಾಯಿ ಮೀರಿರುವುದರಿಂದ ಇ-ವೇ ಬಿಲ್ ಜೊತೆಗಿರಬೇಕು. ಐದು ತಿಂಗಳಿಗೆ ಗಡುವು ಇಟ್ಟರೆ ಎಣಿಸಿ, ಕಟ್ಟಿ, ವಾಪಸು ತರಲು ಒಂದು ತಿಂಗಳು ಕೈಯಲ್ಲಿರುತ್ತದೆ. ಗಡುವಿನೊಳಗೆ ಮರಳದ ಸೀರೆಗೆ ಸಂಘ ಬಿಲ್ಲು ಹಾಕುತ್ತದೆ, ಅಂಗಡಿ ಹಣ ಕೊಡುತ್ತದೆ. ಪತ್ರದಲ್ಲಿ ಅಂಗಡಿಯನ್ನು ಸಂಘದ ‘ಏಜೆಂಟ್’ ಎಂದು ಮಾತ್ರ ಕರೆಯಬೇಡಿ. ಏಜೆಂಟನು ತನ್ನ ಹೆಸರಿನಲ್ಲಿ ಬಿಲ್ಲು ಹಾಕಿ ಮಾರುವಂತಿದ್ದರೆ, ಅವನಿಗೆ ಮಾಲು ಕಳಿಸುವುದೇ ತೆರಿಗೆಗೆ ಒಳಪಟ್ಟ ಪೂರೈಕೆ. ಶೇ 5ರ ದರದಲ್ಲಿ, ಒಂದು ಸೀರೆಯೂ ಮಾರಾಟವಾಗುವ ಮೊದಲೇ 4,800 ರೂಪಾಯಿಯ ತೆರಿಗೆ ಹೊಣೆ ಬೀಳುತ್ತದೆ. ಕರಡನ್ನು ತೆರಿಗೆ ಸಲಹೆಗಾರರಿಗೆ ಒಮ್ಮೆ ತೋರಿಸುವುದು ಒಳ್ಳೆಯದು.

ಆದರೆ ಮಾಲೀಕತ್ವವನ್ನು ದಿನದಿನ ಕಾಯುವುದು ಕಾನೂನಿನ ಸಾಲಲ್ಲ, ಎಣಿಕೆ. ಪ್ರತಿ ಸೀರೆಗೂ ಕ್ರಮಸಂಖ್ಯೆಯ ಎರಡು ಭಾಗದ ಚೀಟಿ ಕಟ್ಟಿ. ಮಾರಿದಾಗ ಅಂಗಡಿಯವರು ಅರ್ಧ ಹರಿದು ಡಬ್ಬಿಗೆ ಹಾಕಲಿ. ತಿಂಗಳ ಕೊನೆಗೆ ಅವರು ಕಳಿಸಬೇಕಾದದ್ದು ಆರಂಭದ ದಾಸ್ತಾನು, ಮಾರಿದ್ದು, ಮರಳಿಸಿದ್ದು, ಉಳಿದದ್ದು, ಜೊತೆಗೆ ಮಾರಿದ ಸೀರೆಗಳ ಸಂಖ್ಯೆ. ನಮ್ಮ ಉದಾಹರಣೆಯಲ್ಲಿ ಮೊದಲ ತಿಂಗಳು 11 ಮಾರಿವೆ, ನೇಯ್ಗೆ ದೋಷದ 2 ಮರಳಿವೆ. ಕಪಾಟಿನಲ್ಲಿ 27 ಇರಬೇಕು. ಸಂಘದವರು ಹೋಗಿ ಎಣಿಸಿದರೆ 26. ಕಳೆದ ಆ ಒಂದನ್ನು ಮಾರಿದ್ದೆಂದೇ ಲೆಕ್ಕ ಹಿಡಿಯಬೇಕೆಂದು ಮೊದಲೇ ಬರೆದಿರಬೇಕು. ಇಲ್ಲದಿದ್ದರೆ, ಸಾಮಾನ್ಯ ಎಚ್ಚರ ವಹಿಸಿದ್ದೆ ಎಂದು ತೋರಿಸಿದ ಅಂಗಡಿಯವರು ನಷ್ಟ ತುಂಬಬೇಕಾಗಿಲ್ಲ ಎಂಬ ವಾದಕ್ಕೆ 1872ರ ಕರಾರು ಕಾಯ್ದೆಯಲ್ಲೇ ಆಸರೆ ಇದೆ. ಬರೆದಿದ್ದರೆ ಆ ತಿಂಗಳ ಬಾಕಿ 12 ಸೀರೆಯದು, 28,800 ರೂಪಾಯಿ ಮತ್ತು ತೆರಿಗೆ.

ಲೆಕ್ಕ ಕೆಡುತ್ತಿರುವುದಕ್ಕೆ ಒಂದು ಗುರುತಿದೆ. ವರದಿಯಲ್ಲಿ ‘ಉಳಿದಿದೆ’ ಎಂದಿರುವ ಸಂಖ್ಯೆಯ ಸೀರೆಯನ್ನು ತೋರಿಸಿ ಎಂದಾಗ ‘ಗೋದಾಮಿನಲ್ಲಿದೆ, ಮುಂದಿನ ಸಲ’ ಎಂಬ ಉತ್ತರ ಬಂದರೆ, ಅದು ಮಾರಾಟವಾಗಿ ಹಣ ಬೇರೆಡೆ ತಿರುಗುತ್ತಿರುವ ಸಾಧ್ಯತೆಯೇ ಹೆಚ್ಚು. ಹಾಗಾಗಿ ಕೆಲಸದ ವೇಳೆಯಲ್ಲಿ ಯಾವ ದಿನವಾದರೂ ಬಂದು ಎಣಿಸುವ ಹಕ್ಕು ಪತ್ರದಲ್ಲಿರಲಿ.

ಪಾವತಿಗೆ ದಿನ ಗೊತ್ತಿರಲಿ: ಒಂದು ತಿಂಗಳ ಮಾರಾಟದ ಹಣ ಮುಂದಿನ ತಿಂಗಳ 7ರೊಳಗೆ. ಮಾರಾಟವೆಂದರೆ ಗಿರಾಕಿಗೆ ಬಿಲ್ಲು ಹಾಕಿದ ದಿನ. ಅಂಗಡಿ ತನ್ನ ಪರಿಚಯದವರಿಗೆ ಉದ್ರಿ ಕೊಟ್ಟರೆ ಆ ಹೊರೆ ಅಂಗಡಿಯದು. ಆಷಾಢದ ರಿಯಾಯಿತಿಯಲ್ಲಿ 3,000ದ ಸೀರೆಯನ್ನು 2,550ಕ್ಕೆ ಮಾರಿದರೂ ಸಂಘಕ್ಕೆ 2,400 ಬರಲೇಬೇಕು. ಇದನ್ನು ಬರೆಯದೆ ಬಿಟ್ಟರೆ ರಿಯಾಯಿತಿ ಘೋಷಿಸುವವರು ಅಂಗಡಿಯವರು, ಅದನ್ನು ಭರಿಸುವವರು ನೇಕಾರರು ಎಂದಾಗುತ್ತದೆ.

ಮರಳುವ ಮಾಲಿನ ಸ್ಥಿತಿಯ ಬಗೆಗೂ ಖಚಿತವಾಗಿರಬೇಕು. ಇಳಕಲ್ ಸೀರೆಯ ಸೆರಗು ರೇಷ್ಮೆಯದು. ತಿಂಗಳುಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟರೆ ಮಡಿಕೆಯ ಗೆರೆಯಲ್ಲಿ ಎಳೆ ಸೋಲುತ್ತದೆ. ಗಾಜಿನ ಪ್ರದರ್ಶನದಲ್ಲಿ ಬಿಸಿಲಿಗೆ ತೂಗಿಹಾಕಿದರೆ ಬಣ್ಣ ಇಳಿಯುತ್ತದೆ. ನೇಯ್ಗೆ ದೋಷವಿದ್ದರೆ ಸಂಘ ವಾಪಸು ತೆಗೆದುಕೊಳ್ಳಲಿ. ಬಿಸಿಲು, ಕಲೆ, ಮಡಿಕೆಯಿಂದ ಕೆಟ್ಟಿದ್ದು ಅಂಗಡಿಯ ಖರ್ಚು. ಕಳಿಸುವ ದಿನ ಇಬ್ಬರೂ ನೋಡಿ ಚಲನ್ ಮೇಲೆ ಸಹಿ ಹಾಕಿದ್ದರೆ ಈ ವಿಂಗಡಣೆ ಕಷ್ಟವಲ್ಲ. ಸಾಗಣೆ ಖರ್ಚಿನಲ್ಲಿ ಹೋಗುವಾಗಿನದನ್ನು ಸಂಘ, ಬರುವಾಗಿನದನ್ನು ಅಂಗಡಿ ಹೊರಲಿ.

ಇಷ್ಟೆಲ್ಲ ಕೇಳಿದರೆ ಅಂಗಡಿಯವರು ಒಪ್ಪುತ್ತಾರೆಯೇ ಎಂಬ ಭಯ ಸಂಘಗಳಿಗಿದೆ. ಅವರು ಬಂಡವಾಳ ಹೂಡುತ್ತಿಲ್ಲ, ಮಾರದ ಸೀರೆ ಅವರ ತಲೆಗೆ ಬರುವುದಿಲ್ಲ, ಆದರೂ ಪ್ರತಿ ಸೀರೆಗೆ 600 ರೂಪಾಯಿ ಸಿಗುತ್ತದೆ. ಅದಕ್ಕೆ ಪ್ರತಿಯಾಗಿ ತಿಂಗಳಿಗೊಂದು ಎಣಿಕೆ ಕೇಳುವುದು ಹೆಚ್ಚಲ್ಲ. ದರ, ಗಡುವು, ಪಾವತಿಯ ದಿನಾಂಕದ ಬಗ್ಗೆ ಚೌಕಾಸಿ ನಡೆಯಲಿ. ಎಣಿಕೆಗೆ ಒಪ್ಪದ ಅಂಗಡಿಗೆ ಸೀರೆ ಇಟ್ಟು ಬರಬೇಡಿ. ಬೇಕಿದ್ದರೆ ದರ ಇಳಿಸಿ, ಹತ್ತೇ ಸೀರೆಯಾದರೂ ನಗದಿಗೆ ಕೊಡಿ.