ಮೊದಲ ತುತ್ತು ಯಾರ ಕೈಯಿಂದ?

ನಮ್ಮ ಮೊಮ್ಮಗಳು ಹುಟ್ಟಿದ್ದು 2024ರ ಜುಲೈ 14ರಂದು, ಇಲ್ಲೇ ಪುಣೆಯಲ್ಲಿ. ಕೂಸಿಗೆ ನಾಲ್ಕು ತಿಂಗಳು ತುಂಬುವ ಹೊತ್ತಿಗೇ ಧಾರವಾಡದಿಂದ ನಾದಿನಿಯ ಫೋನು ಬಂತು. "ವೈನಿ, ಹೆಣ್ಣುಕೂಸು ಅಂದ್ರ ಐದನೇ ತಿಂಗಳದಾಗ ಅನ್ನ ಉಣಸಬೇಕಲಾ? ನವೆಂಬರ್ ಕೊನೀಗೆ ಒಂದು ದಿನ ನೋಡಸ್ರಿ."

ನಾದಿನಿ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಗಂಡುಮಗುವಿಗೆ ಆರು, ಎಂಟು, ಹತ್ತು ಹೀಗೆ ಸಮ ತಿಂಗಳು. ಹೆಣ್ಣುಮಗುವಿಗೆ ಐದು, ಏಳು, ಒಂಬತ್ತು ಹೀಗೆ ಬೆಸ ತಿಂಗಳು. ನಮ್ಮ ಕಡೆ ಲೆಕ್ಕ ಇರುವುದೇ ಹಾಗೆ. ಆದರೆ ಈ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಪಂಚಾಂಗದವರು ಹೇಳುವುದು ನಡೆಯುತ್ತಿರುವ ತಿಂಗಳು, ಡಾಕ್ಟರು ಹೇಳುವುದು ತುಂಬಿದ ತಿಂಗಳು. ನವೆಂಬರ್ 14ಕ್ಕೆ ಕೂಸಿಗೆ ಐದನೆಯದು ಶುರುವಾಯಿತು, ಅಂದರೆ ತುಂಬಿದ್ದು ನಾಲ್ಕೇ. ಆಗ ಕತ್ತು ನಿಂತಿತ್ತು, ಆದರೆ ಆಸರೆ ಕೊಟ್ಟು ಕೂಡಿಸಿದರೂ ಪಕ್ಕಕ್ಕೆ ವಾಲುತ್ತಿತ್ತು. ಬೆರಳು ತುಟಿಗೆ ತಾಗಿಸಿದರೆ ನಾಲಿಗೆ ಹೊರಗೆ ದೂಡುತ್ತಿತ್ತು. ಇಂಥ ಕೂಸಿಗೆ ಗಟ್ಟಿ ಪದಾರ್ಥ ಕೊಟ್ಟರೆ ನುಂಗಲಾರದು.

ಡಾಕ್ಟರು ಹೇಳಿದ್ದು ಆರು ತಿಂಗಳು ಪೂರ್ತಿ ತುಂಬಲಿ, 180 ದಿನ, ಅಲ್ಲಿಯವರೆಗೆ ತಾಯಿಹಾಲು ಬಿಟ್ಟು ನೀರೂ ಬೇಡ ಎಂದು. ವಿಶ್ವ ಆರೋಗ್ಯ ಸಂಸ್ಥೆಯ ಮಾತೂ ಇದೇ. ನಾನು ಕ್ಯಾಲೆಂಡರ್ ಇಟ್ಟುಕೊಂಡು ಎಣಿಸಿದೆ. ಆರು ತುಂಬಿದ ಮರುದಿನದಿಂದ ನಡೆಯುವುದು ಏಳನೆಯದು. ಏಳು ಬೆಸ! ಹೆಣ್ಣುಕೂಸಿಗೆ ಶಾಸ್ತ್ರವೂ ಡಾಕ್ಟರೂ ತಾವಾಗಿಯೇ ಒಂದೇ ತಿಂಗಳಿಗೆ ಬಂದು ನಿಲ್ಲುತ್ತಾರೆ. ನಾದಿನಿಗೆ ಇದನ್ನು ಹೇಳಿದೆ. "ಏಳನೇದು ನಡೀತದ ಬಿಡ್ರಿ" ಎಂದಳು. ಗಂಡುಮಗುವಿನ ಮನೆಯಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಆರನೆಯದು ಮುಗಿಯುವ ಕೊನೆಯ ದಿನಗಳನ್ನು ಹಿಡಿಯಬೇಕು.

ಆದರೆ ಪಂಚಾಂಗ ಅಷ್ಟು ಸುಲಭಕ್ಕೆ ಬಿಡುವುದಿಲ್ಲವಲ್ಲ. ನಮ್ಮ ಕೂಸಿಗೆ 180 ದಿನ ತುಂಬಿದ್ದು 2025ರ ಜನವರಿ 10ಕ್ಕೆ. ಅಂದು ವೈಕುಂಠ ಏಕಾದಶಿ. ಮನೆಯ ಹಿರಿಯರೇ ಅನ್ನ ಮುಟ್ಟದ ದಿನ ಕೂಸಿಗೆ ಅನ್ನ ಉಣಿಸುವುದೇ? ಮೇಲೆ ಧನುರ್ಮಾಸ ಬೇರೆ. ಸಂಕ್ರಾಂತಿ ಕಳೆದ ಮೇಲೆ ಮಾಡೋಣ ಎಂದರೆ ಬೀಗರು ಬೇಡವೆಂದರು. ಸೊಸೆ ಸಾತಾರಾ ಕಡೆಯವಳು. ಅವರಲ್ಲಿ ಪೌಷ ಮಾಸದಲ್ಲಿ ಶುಭಕಾರ್ಯ ಮಾಡುವುದಿಲ್ಲ. ಪೌಷ ಮುಗಿಯುವುದು ಜನವರಿ 29ರ ಅಮಾವಾಸ್ಯೆಗೆ. ಕೊನೆಗೆ ಎಲ್ಲರೂ ಒಪ್ಪಿದ್ದು ಫೆಬ್ರವರಿ 2, ಭಾನುವಾರ, ವಸಂತ ಪಂಚಮಿ. ಅಂದಿಗೆ ಕೂಸಿಗೆ 203 ದಿನ, ಏಳನೆಯ ತಿಂಗಳೇ.

ಡಾಕ್ಟರಿಗೆ ಹೇಳಿದಾಗ ಅವರು ಒಪ್ಪಲಿಲ್ಲ. ಕಾರ್ಯಕ್ರಮ ಯಾವಾಗಲಾದರೂ ಮಾಡಿ, ಊಟ ಮಾತ್ರ ಮೂರು ವಾರ ತಡ ಮಾಡಬೇಡಿ ಎಂದರು. ಆರು ತಿಂಗಳ ಮೇಲೆ ಕೂಸಿಗೆ ಬೇಕಾದಷ್ಟು ಕಬ್ಬಿಣದ ಅಂಶ ತಾಯಿಹಾಲೊಂದರಿಂದ ಸಿಗುವುದಿಲ್ಲ, ಹುಟ್ಟುವಾಗ ತಂದುಕೊಂಡದ್ದೂ ಕರಗುತ್ತ ಬಂದಿರುತ್ತದೆ. ಇತ್ತ ನಾದಿನಿಯದು ಒಂದೇ ಹಟ: ದೇವರ ಮುಂದೆ ಉಣಿಸುವ ಮೊದಲು ಕೂಸಿನ ಬಾಯಿಗೆ ಅನ್ನ ಹೋಗಬಾರದು.

ಎರಡು ದಿನ ಯೋಚಿಸಿದೆ. ಆಮೇಲೆ ನನ್ನ ಅವ್ವ ಮಾಡುತ್ತಿದ್ದದ್ದು ನೆನಪಾಯಿತು. ಅನ್ನ ಬಾಯಿಗೆ ಹೋಗಬಾರದು ಸರಿ, ರಾಗಿ ಅನ್ನವಲ್ಲವಲ್ಲ! ರಾಗಿಯನ್ನು ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದೆ. ನೆರಳಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದೆ. ಸೊಸೆ ನೋಡಿ "ಇದು ನಮ್ಮ ನಾಚಣಿ ಸತ್ವ" ಎಂದು ನಕ್ಕಳು. ಮೊಳಕೆ ಬರಿಸುವುದು ಸುಮ್ಮನೆ ಅಲ್ಲ. ಮೊಳಕೆಯೊಡೆದ ರಾಗಿಯ ಗಂಜಿ ಬೇಗ ಗಟ್ಟಿಯಾಗುವುದಿಲ್ಲ, ಆದ್ದರಿಂದ ಅದೇ ಅಳತೆಯ ನೀರಿಗೆ ಹೆಚ್ಚು ಹಿಟ್ಟು ಹಿಡಿಸಬಹುದು. ಸಣ್ಣ ಹೊಟ್ಟೆಗೆ ನಾಲ್ಕೇ ಚಮಚ ಹೋದರೂ ಅದರಲ್ಲಿ ಸತ್ವವಿರುತ್ತದೆ.

ಜನವರಿ 11, ದ್ವಾದಶಿಯ ಬೆಳಿಗ್ಗೆ, ಮಗ ಸೊಸೆ ಇಬ್ಬರೂ ಆಫೀಸಿನ ಕಾಲ್‌ನಲ್ಲಿದ್ದಾಗ, ಒಂದು ಚಹಾ ಚಮಚ ಹಿಟ್ಟನ್ನು ಅರ್ಧ ಬಟ್ಟಲು ನೀರಲ್ಲಿ ಕಲಸಿ ಕೈಯಾಡಿಸುತ್ತ ಬೇಯಿಸಿದೆ. ಉಪ್ಪಿಲ್ಲ, ಬೆಲ್ಲವಿಲ್ಲ. ಒಂದು ಹನಿ ತುಪ್ಪ. ಹದ ಗೊತ್ತಾಗಬೇಕೆಂದರೆ ಚಮಚ ಓರೆ ಮಾಡಿ ನೋಡಬೇಕು. ನೀರಿನಂತೆ ಸುರಿದರೆ ತೆಳು, ನಿಧಾನವಾಗಿ ಜಾರಿದರೆ ಸರಿ. ಮೊದಲ ಅರ್ಧ ಚಮಚದಲ್ಲಿ ಮುಕ್ಕಾಲು ಗದ್ದಕ್ಕೆ ಬಂತು. ಅದು ಬೇಡವೆಂದು ಉಗುಳುವುದಲ್ಲ. ಹಾಲು ಚೀಪುವ ನಾಲಿಗೆಗೆ ಮುಂದೆ ದೂಡುವುದಷ್ಟೇ ಗೊತ್ತು, ಹಿಂದೆ ಒಯ್ಯುವುದನ್ನು ಕಲಿಯಬೇಕು. ಮೂರನೇ ದಿನಕ್ಕೆ ಕಲಿತಳು. ಮೂರು ದಿನ ರಾಗಿಯೊಂದೇ. ಮೈಮೇಲೆ ದದ್ದು, ವಾಂತಿ, ಭೇದಿ ಏನೂ ಇಲ್ಲವೆಂದು ನೋಡಿಕೊಂಡು ಆಮೇಲೆ ಹೆಸರುಬೇಳೆ ಬೇಯಿಸಿ ನುಣ್ಣಗೆ ಮಾಡಿ ಕೊಟ್ಟೆ, ಮತ್ತೆ ಮೂರು ದಿನ ಬಿಟ್ಟು ಕುಂಬಳಕಾಯಿ. ಒಂದು ಸಲಕ್ಕೆ ಒಂದೇ ಹೊಸದು. ಏನಾದರೂ ಒಗ್ಗದಿದ್ದರೆ ಯಾವುದರಿಂದ ಎಂದು ಗೊತ್ತಾಗಬೇಕಲ್ಲ.

ಇನ್ನು ಸಮಾರಂಭದ ಮಾತು. ಪುರೋಹಿತರು ಕೊಟ್ಟ ಪಟ್ಟಿಯಲ್ಲಿ ಮೊಸರು, ಜೇನು, ತುಪ್ಪ ಬೆರೆಸಿದ ಅನ್ನವಿತ್ತು. ಇದು ಹಳೆಯ ಮಾತೇ. ಆಶ್ವಲಾಯನ ಗೃಹ್ಯಸೂತ್ರದಲ್ಲಿ ಆರನೆಯ ತಿಂಗಳ ಅನ್ನಪ್ರಾಶನಕ್ಕೆ ಈ ಮೂರನ್ನೂ ಹೇಳಿದೆ. ಆದರೆ ವರ್ಷ ತುಂಬುವವರೆಗೆ ಜೇನು ಬಾಯಿಗೆ ಹಾಕಬಾರದು, ಉಂಗುರದ ತುದಿಯಲ್ಲಿ ನೆಕ್ಕಿಸುವಷ್ಟೂ ಬೇಡ. ಜೇನಿನಲ್ಲಿ ಒಂದು ಜಾತಿಯ ಸೂಕ್ಷ್ಮಾಣುವಿನ ಬೀಜಗಳಿರಬಹುದು. ದೊಡ್ಡವರ ಹೊಟ್ಟೆಯಲ್ಲಿ ಅವು ಬೆಳೆಯಲಾರವು. ಎಳೆಗೂಸಿನ ಕರುಳಲ್ಲಿ ಮೊಳೆತು ವಿಷ ಬಿಡಬಲ್ಲವು. ಆಗ ಮಲಬದ್ಧತೆಯಾಗಿ, ಅಳು ಕ್ಷೀಣವಾಗಿ, ಕತ್ತು ಸೋತು, ಉಸಿರಿಗೇ ತೊಂದರೆಯಾಗಬಹುದು. ಅಡುಗೆಯಲ್ಲಿ ಕುದಿಸಿದರೂ ಆ ಬೀಜ ಸಾಯುವುದಿಲ್ಲ. ಪುರೋಹಿತರಿಗೆ ಇದನ್ನು ಮೊದಲೇ ಫೋನಿನಲ್ಲಿ ಹೇಳಿದೆ. "ಜೇನು ದೇವರಿಗೆ ಇಡೋಣ, ಕೂಸಿಗೆ ತುಪ್ಪದ ಅನ್ನ ಸಾಕು. ಅದನ್ನೂ ಶಾಸ್ತ್ರದಲ್ಲಿ ಹೇಳಿದೆ" ಎಂದರು. ಆ ದಿನ ಎಲ್ಲರ ಮುಂದೆ ಹೇಳಿದ್ದರೆ ವಾದವಾಗುತ್ತಿತ್ತು. ಇಂಥದ್ದನ್ನು ಮುಂಚೆಯೇ ಮಾತಾಡಿ ಮುಗಿಸಬೇಕು.

ನಿಜವಾದ ತೊಡಕು ಮೊದಲ ತುತ್ತಿನದು. ಶಾಸ್ತ್ರದಲ್ಲಿ ಉಣಿಸುವವನು ತಂದೆ. ನಮ್ಮ ಮನೆಯಲ್ಲಿ ನನ್ನ ಮಗನಿಗೆ ಉಣಿಸಿದ್ದೂ ಅವನಪ್ಪನೇ. ಸೊಸೆಯ ಕಡೆ ಇದಕ್ಕೆ ಉಷ್ಟಾವಣ ಎನ್ನುತ್ತಾರೆ. ಅಲ್ಲಿ ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡು ಖೀರು ಉಣಿಸುವ ಹಕ್ಕು ಸೋದರಮಾವನದು. ಸೊಸೆಯ ತಮ್ಮ ಅದಕ್ಕೆಂದೇ ಬೆಳ್ಳಿ ಬಟ್ಟಲು, ಚಮಚ ಮಾಡಿಸಿಟ್ಟಿದ್ದ. ಮಗ ಸೊಸೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ನಾನು ಹೇಳಿದೆ, ಕೂಡೂದು ಮಾಮಾನ ತೊಡಿಮ್ಯಾಲೆ, ಉಣಸೂದು ಅಪ್ಪನ ಕೈಲೆ, ಎರಡನೇ ತುತ್ತು ಮಾಮಾಂದು, ಮೂರನೇದು ಹೆತ್ತಾಕೀದು. ಹೆತ್ತವಳ ಹೆಸರು ಎರಡೂ ಮನೆಯ ಪದ್ಧತಿಯಲ್ಲಿ ಇರಲಿಲ್ಲ. ಅದನ್ನು ನಾನೇ ಸೇರಿಸಿದೆ. ನಾಲ್ಕನೆಯದು ಬೀಗಿತ್ತಿಯದು. ಅಷ್ಟಕ್ಕೇ ಮುಗಿಯಬೇಕು, ಉಳಿದವರು ಅಕ್ಷತೆ ಹಾಕಲಿ ಎಂದೆ. ಬಂದ ಇಪ್ಪತ್ತು ಜನ ಒಂದೊಂದು ಚಮಚ ಎಂದರೆ ಕೂಸಿನ ಹೊಟ್ಟೆ ಏನಾಗಬೇಕು?

ನನ್ನ ಹೆಸರು ಪಟ್ಟಿಯಲ್ಲಿರಲಿಲ್ಲ. ನಾದಿನಿ ಫೋನಿನಲ್ಲಿ ತಡೆದು ತಡೆದು ಹೇಳಿದ್ದಳು, "ಮುತ್ತೈದೇರು ಉಣಸಲಿ ವೈನಿ, ನೀವು ತಪ್ಪು ತಿಳ್ಕೋಬ್ಯಾಡ್ರಿ." ನಮ್ಮವರು ಹೋಗಿ ಆರು ವರ್ಷವಾಯಿತು. ತಪ್ಪು ತಿಳಿಯಲಿಲ್ಲ. ಅಡುಗೆಮನೆ ನನ್ನದು ಎಂದುಕೊಂಡೆ.

ಅಂದು ಹಿರಿಯರಿಗೆ ಅಕ್ಕಿ, ಹಾಲು, ಬೆಲ್ಲದ ಪಾಯಸ. ಗೋಡಂಬಿ ದ್ರಾಕ್ಷಿ ಅದರಲ್ಲೇ. ಕೂಸಿನ ಗಂಟಲಿಗೆ ಅವು ಅಪಾಯ. ಕೂಸಿಗೆ ಬೇರೆ: ಎರಡು ಚಮಚ ಹಳೆ ಅಕ್ಕಿ, ಒಂದು ಚಮಚ ಹೆಸರುಬೇಳೆ, ಧಾರಾಳ ನೀರು ಹಾಕಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಮಸೆದು, ತುಪ್ಪ ಬಿಟ್ಟೆ. ಬೇಳೆ, ತುಪ್ಪ ಕೂಸಿಗೆ ಆಗಲೇ ಒಗ್ಗಿದ್ದವು, ಹೊಸದು ಅಕ್ಕಿ ಮಾತ್ರ. ಬೆಳ್ಳಿ ಬಟ್ಟಲು, ಚಮಚವನ್ನು ಕುದಿಯುವ ನೀರಲ್ಲಿ ಅದ್ದಿ ತೆಗೆದೆ.

ಮುಹೂರ್ತ ಹನ್ನೊಂದಕ್ಕೆ. ಅದು ನಮ್ಮ ಕೂಸು ಮಲಗುವ ಹೊತ್ತು. ಅದನ್ನು ನಾವ್ಯಾರೂ ಲೆಕ್ಕ ಹಿಡಿದಿರಲಿಲ್ಲ. ಜರಿ ಲಂಗ ಚುಚ್ಚುತ್ತಿತ್ತು, ಮೊಬೈಲುಗಳೆಲ್ಲ ಮುಖದ ಮುಂದೆ. ಮಾಮಾನ ತೊಡೆಯ ಮೇಲೆ ಕೂತ ಕೂಸು ಅಪ್ಪನ ಚಮಚ ಕಂಡು ಬಾಯಿ ಬಿಗಿಹಿಡಿದಳು. ತುಟಿಗೆ ತಾಗಿದ ಅನ್ನ ಗದ್ದಕ್ಕೆ ಇಳಿಯಿತು. ಮಾಮಾ ಪ್ರಯತ್ನಿಸಿದ, ಅಳು ಶುರುವಾಯಿತು. ಯಾರೋ ಗಲ್ಲ ಒತ್ತಿ ಬಾಯಿ ತೆಗೆಸಿ ಎಂದರು. ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತು "ಬ್ಯಾಡ, ಅಳೂ ಕೂಸಿಗೆ ನೆತ್ತಿಗೇರತದ" ಎಂದೆ.

ಸೊಸೆ ಕೂಸನ್ನು ಎತ್ತಿಕೊಂಡು ಒಳಗೆ ಬಂದಳು. ಲಂಗ ತೆಗೆದು ಹತ್ತಿಯ ಅಂಗಿ ಹಾಕಿದಳು. ಬೆಳ್ಳಿ ಚಮಚ ಬಿಟ್ಟು, ದಿನವೂ ರಾಗಿ ಉಣಿಸುವ ಹಳದಿ ಪ್ಲಾಸ್ಟಿಕ್ ಚಮಚ ತೆಗೆದು ನನ್ನ ಕೈಗೆ ಕೊಟ್ಟಳು. "ಅತ್ತೆ, ನೀವೇ." ಅವಳ ಕನ್ನಡ ಅಷ್ಟೇ. ನಾನು ಹಿಂಜರಿದೆ. ಕೂಸು ಆ ಚಮಚ ನೋಡಿದ್ದೇ ತಡ, ಅಳು ನಿಲ್ಲಿಸಿ ಬಾಯಿ ತೆರೆದಳು.

ಮೂರು ಚಮಚ ತಿಂದಳು. ನಾಲ್ಕನೆಯದಕ್ಕೆ ಮುಖ ತಿರುಗಿಸಿದಳು, ಅಲ್ಲಿಗೆ ನಿಲ್ಲಿಸಿದೆ. ಅಷ್ಟರಲ್ಲಿ ಮಗನೂ ಮಾಮಾನೂ ಬಾಗಿಲಿಗೆ ಬಂದು ನಿಂತಿದ್ದರು. ನಾದಿನಿ ವೀಡಿಯೋ ಕಾಲ್‌ನಲ್ಲಿದ್ದಳು, ಎಲ್ಲವನ್ನೂ ನೋಡಿದ್ದಳು. ಏನನ್ನುತ್ತಾಳೋ ಎಂದುಕೊಂಡೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ವೈನಿ, ಅಕ್ಕಿ ಯಾವುದು ಹಾಕಿದ್ರಿ?"

ಅಂದು ಮಲಗಿ ಎದ್ದ ಮೇಲೆ, ಸಂಜೆ ನಾಲ್ಕಕ್ಕೆ, ಯಾವ ಫೋಟೋ ಇಲ್ಲದೆ ಮಾಮಾ ಅದೇ ಹಳದಿ ಚಮಚದಲ್ಲಿ ಎರಡು ತುತ್ತು ಉಣಿಸಿದ. ಈಗ ಯಾರಾದರೂ ಮುಹೂರ್ತ ಕೇಳಿದರೆ ನಾನು ಮೊದಲು ಕೇಳುವುದು, ಕೂಸು ಎಷ್ಟು ಗಂಟೆಗೆ ಮಲಗುತ್ತದೆ ಎಂದು.