ಸರ್ಕಾರಿ ಬಾಂಡ್ ಭದ್ರ, ಅದರ ಬೆಲೆ ಭದ್ರವಲ್ಲ

ಎರಡು ವರ್ಷದಲ್ಲಿ ಊರಿನಲ್ಲೊಂದು ಸೈಟು ಕೊಳ್ಳಬೇಕೆಂದು ಮುಂಬೈ, ಪುಣೆ, ಹೈದರಾಬಾದ್‌ಗಳಲ್ಲಿ ದುಡಿಯುವ ನಮ್ಮವರು ಹಣ ಕೂಡಿಡುತ್ತಾರೆ. ಷೇರಿನ ಗೊಡವೆ ಬೇಡವೆಂದು ಗಿಲ್ಟ್ ಫಂಡ್ ಆರಿಸಿಕೊಳ್ಳುವವರೂ ಇದ್ದಾರೆ. ಸರ್ಕಾರಿ ಬಾಂಡ್ ಅಲ್ಲವೇ, ಹಣ ಎಲ್ಲಿ ಹೋದೀತು ಎಂಬುದು ಅವರ ಲೆಕ್ಕ. ಸರ್ಕಾರ ಅಸಲನ್ನು ಮರಳಿಸುತ್ತದೆ, ನಿಜ. ಆದರೆ ಅದು ಬಾಂಡ್‌ನ ಅವಧಿ ಮುಗಿದಾಗ. ನಮಗೆ ಹಣ ಬೇಕಾದ ದಿನ ಅದರ ಬೆಲೆ ಎಷ್ಟಿರುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ವರ್ಷಕ್ಕೆ 7 ರೂಪಾಯಿ ಬಡ್ಡಿ ಕೊಡುವ 100 ರೂಪಾಯಿಯ ಬಾಂಡ್ ಇದೆ ಎನ್ನಿ. ಮಾರುಕಟ್ಟೆಯ ಬಡ್ಡಿದರ ಶೇ 8ಕ್ಕೆ ಏರಿತು. ಹೊಸ ಬಾಂಡ್ 8 ರೂಪಾಯಿ ಕೊಡುವಾಗ ಹಳೆಯದನ್ನು ಯಾರೂ 100ಕ್ಕೆ ಕೊಳ್ಳುವುದಿಲ್ಲ. ಅದರ ಅವಧಿ ಇನ್ನೊಂದೇ ವರ್ಷವಿದ್ದರೆ ಒಂದು ರೂಪಾಯಿಯ ಕೊರತೆ ಒಂದೇ ಸಲ. ಬೆಲೆ ಸುಮಾರು 99. ಹತ್ತು ವರ್ಷ ಉಳಿದಿದ್ದರೆ ಆ ಕೊರತೆ ಹತ್ತು ಸಲ. ಬೆಲೆ 93ರ ಆಸುಪಾಸು. 30 ವರ್ಷದ್ದಾದರೆ 89ಕ್ಕೂ ಸ್ವಲ್ಪ ಕಡಿಮೆ. ದರ ಇಳಿದರೆ ಇದೇ ಲೆಕ್ಕ ತಿರುಗಿ, ದೀರ್ಘಾವಧಿಯ ಬಾಂಡೇ ಹೆಚ್ಚು ಏರುತ್ತದೆ.

ಈ ತೂಗಾಟದ ಅಳತೆಯೇ ಮಾಡಿಫೈಡ್ ಡ್ಯುರೇಶನ್. ಫಂಡ್ ಕಂಪನಿಗಳು ತಿಂಗಳಿಗೊಮ್ಮೆ ಪ್ರಕಟಿಸುವ ಫ್ಯಾಕ್ಟ್‌ಶೀಟ್‌ನಲ್ಲಿ ಅದು ಇರುತ್ತದೆ. ಅಲ್ಲಿ 7 ಎಂದಿದ್ದರೆ, ಮಾರುಕಟ್ಟೆಯ ದರ ಶೇ 1ರಷ್ಟು ಏರಿದಾಗ ಎನ್‌ಎವಿ ಸುಮಾರು ಶೇ 7ರಷ್ಟು ಇಳಿಯುತ್ತದೆ ಎಂದರ್ಥ. ಒಂದು ವರ್ಷದ ಬಡ್ಡಿ ಅಲ್ಲಿಗೆ ಹೋಯಿತು.

ಬಾಂಡನ್ನು ನಾವೇ ಕೊಂಡಿದ್ದರೆ ಕೊನೆಯವರೆಗೆ ಕಾದು ಪೂರ್ತಿ ಅಸಲು ಪಡೆಯಬಹುದು. ಗಿಲ್ಟ್ ಫಂಡ್‌ಗೆ ಅಂಥ ಕೊನೆಯ ದಿನವಿಲ್ಲ. ಮ್ಯಾನೇಜರ್ ಹಳೆಯ ಬಾಂಡ್ ಮಾರಿ ಹೊಸದನ್ನು ಕೊಳ್ಳುತ್ತಲೇ ಇರುತ್ತಾರೆ. ದರ ಏರಿದ ಮೇಲೆ ಕೊಂಡ ಬಾಂಡ್‌ಗಳ ಹೆಚ್ಚಿನ ಬಡ್ಡಿ ನಷ್ಟವನ್ನು ತುಂಬಿಕೊಡುತ್ತದೆ, ಆದರೆ ಅದಕ್ಕೆ ಹಲವು ವರ್ಷ ಬೇಕು. ಎರಡೇ ವರ್ಷದಲ್ಲಿ ಸೈಟಿನ ರಿಜಿಸ್ಟ್ರೇಷನ್ ಇರುವವರಿಗೆ ಆ ಕಾಲಾವಕಾಶವಿಲ್ಲ.

ರಿಸರ್ವ್ ಬ್ಯಾಂಕ್ ರೆಪೊ ದರ ಇಳಿಸಿದರೆ ದೀರ್ಘಾವಧಿ ಫಂಡ್ ಏರಿಯೇ ಏರುತ್ತದೆ ಎಂಬ ನಂಬಿಕೆಯೂ ಅಪಾಯದ್ದೇ. 2025ರ ಜೂನ್ 6ರಂದು ರೆಪೊ ಶೇ 6ರಿಂದ ಶೇ 5.5ಕ್ಕೆ ಇಳಿಯಿತು. ಅದೇ ದಿನ ಬ್ಯಾಂಕ್ ತನ್ನ ನಿಲುವನ್ನೂ ತಟಸ್ಥಕ್ಕೆ ಬದಲಿಸಿತು. ಇನ್ನು ಮುಂದೆ ಕಡಿತಕ್ಕೆ ಹೆಚ್ಚು ಜಾಗವಿಲ್ಲ ಎಂದು ಮಾರುಕಟ್ಟೆ ಓದಿಕೊಂಡಿತು. ಮುಂದಿನ ವಾರಗಳಲ್ಲಿ ದೀರ್ಘ ಬಾಂಡ್‌ಗಳ ದರ ಏರಿ ಬೆಲೆ ಇಳಿಯಿತು. ರೆಪೊ ಒಂದು ದಿನದ ಸಾಲದ ದರ. 30 ವರ್ಷದ ಬಾಂಡ್ ನೋಡುವುದು ಮುಂದಿನ ಹಣದುಬ್ಬರವನ್ನು, ಸರ್ಕಾರದ ಸಾಲವನ್ನು.

ಹಾಗಾಗಿ ಕಳೆದ ವರ್ಷದ ಲಾಭದ ಅಂಕಿಗಿಂತ ಮೊದಲು ಡ್ಯುರೇಶನ್ ನೋಡಬೇಕು. ಹಣ ಬೇಕಾಗುವ ವರ್ಷಗಳಿಗಿಂತ ಅದು ದೊಡ್ಡದಿದ್ದರೆ, ಆ ಫಂಡ್ ಉಳಿತಾಯವಲ್ಲ, ಬಡ್ಡಿದರದ ಮೇಲೆ ಕಟ್ಟಿದ ಬಾಜಿ. ಸೈಟಿನ ದುಡ್ಡಿಗೆ ಡ್ಯುರೇಶನ್ ಎರಡು ವರ್ಷದೊಳಗಿರುವ ಫಂಡೇ ಸಾಕು.